ವ್ಯಾಕರಣ ಸರಿ ಇದ್ದರೂ ಇಂಗ್ಲಿಷ್ ಮೇಲ್ ಒರಟಾಗಿ ಕೇಳಿಸುವುದು ಯಾಕೆ?

ವೀಣಾ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮದು ಯಂತ್ರದ ಬಿಡಿಭಾಗ ಮಾಡಿ ಹೊರದೇಶಕ್ಕೆ ಕಳಿಸುವ ಸಣ್ಣ ಕಾರ್ಖಾನೆ. ಗ್ರಾಹಕರ ಜೊತೆ ಮೇಲ್ ವ್ಯವಹಾರ ನೋಡಿಕೊಳ್ಳುವ ನಾಲ್ಕು ಜನರ ತಂಡ ನನ್ನದು. ಹೋದ ವಾರ ಇಂಗ್ಲೆಂಡಿನ ಗ್ರಾಹಕರೊಬ್ಬರು ಫೋನ್ ಮಾಡಿ, ನಿಮ್ಮ ಹುಡುಗನ ಮೇಲ್ ಯಾಕೋ ಸ್ವಲ್ಪ ಖಾರವಾಗಿದೆ, ಏನಾದರೂ ಬೇಸರವಾಗಿದೆಯಾ ಅಂತ ಕೇಳಿದರು. ಹುಡುಗ ತುಂಬಾ ಮೃದು ಸ್ವಭಾವದವನು. ಕೇಳಿ ಅವನಿಗೆ ಅಳುವೇ ಬಂತು. ಅವನು ಬರೆದದ್ದು ಇದು:

"ಡಿಯರ್ ಸರ್, ವಾಟ್ ಎ ಕ್ವಿಕ್ ರಿಪ್ಲೈ! ಪ್ಲೀಸ್ ಸೆಂಡ್ ದ ರಿವೈಸ್ಡ್ ಡ್ರಾಯಿಂಗ್ ಟುಡೇ ಇಟ್‌ಸೆಲ್ಫ್. ಯು ಚೆಕ್ ದ ಹೋಲ್ ಸೈಜ್ ಒನ್ಸ್. ಯು ಹ್ಯಾಡ್ ಬೆಟರ್ ಟೆಲ್ ಯುವರ್ ಸಪ್ಲೈಯರ್ ಆಲ್ಸೋ. ಕನ್ಫರ್ಮ್ ಬೈ ಈವ್ನಿಂಗ್!"

ನಾನು ಎಷ್ಟು ಸಲ ಓದಿದರೂ ಇದರಲ್ಲಿ ದೊಡ್ಡ ವ್ಯಾಕರಣ ತಪ್ಪು ಕಾಣುತ್ತಿಲ್ಲ. ಪ್ಲೀಸ್ ಇದೆ, ಸರ್ ಇದೆ, ಮೆಚ್ಚುಗೆಯ ಮಾತೂ ಇದೆ. ಅವನ ಪ್ರಕಾರ ಮೊದಲನೆಯದು ಹೊಗಳಿಕೆ, ಎರಡನೆಯದು ವಿನಂತಿ, ಆಮೇಲಿನವು ಎರಡೂ ಸಲಹೆ. ಅಲ್ಲಿ ಓದಿದವರಿಗೆ ಎಲ್ಲವೂ ಅಪ್ಪಣೆಯ ಹಾಗೆ ಕಂಡಿದೆ, ಮೊದಲನೆಯದಂತೂ ಚುಚ್ಚುಮಾತಿನ ಹಾಗೆ. ಅವನಿಗೆ "ಹೀಗೆ ಬರೆ" ಅಂತ ಹೇಳಿ ಮುಗಿಸಬಹುದು. ಆದರೆ ಯಾಕೆ ಅಂತ ಹೇಳಲು ನನಗೂ ಗೊತ್ತಾಗಬೇಕಲ್ಲ? ತಿಳಿದವರು ಬಿಡಿಸಿ ಹೇಳಿ.

ಶಿವಲಿಂಗಪ್ಪ ಮೇಷ್ಟ್ರು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದೇನೆ, ಅದರ ಮೇಲೆ ಹೇಳುತ್ತೇನೆ ಅಮ್ಮಾ. ಆಜ್ಞೆ, ವಿನಂತಿ, ಸಲಹೆ ಮೂರಕ್ಕೂ ಇಂಗ್ಲಿಷಿನಲ್ಲಿ ಒಂದೇ ಅಚ್ಚು. ಕರ್ತೃ ಬಿಟ್ಟು ಕ್ರಿಯಾಪದದಿಂದ ಶುರು ಮಾಡುವುದು. "ಗೋ", "ಸಿಟ್", "ಸೆಂಡ್". ಪ್ಲೀಸ್ ಸೇರಿಸಿದರೆ ವಿನಂತಿ, ಸೇರಿಸದಿದ್ದರೆ ಆಜ್ಞೆ. ಒಳ್ಳೆಯ ವಿಷಯ ಹೇಳಿದರೆ ಸಲಹೆ. ನಿಮ್ಮ ಹುಡುಗ "ಯು ಚೆಕ್" ಅಂತ ಕರ್ತೃ ಹಾಕಿದ್ದಾನೆ ನೋಡಿ, ಅದೇ ತಪ್ಪು. ಆ "ಯು" ತೆಗೆದು ಎಲ್ಲದಕ್ಕೂ ಒಂದೊಂದು ಪ್ಲೀಸ್ ಹಾಕಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಉದ್ಗಾರ ವಾಕ್ಯದಲ್ಲಿ ತಪ್ಪಿಲ್ಲ. "ವಾಟ್ ಎ" ಆದ ಮೇಲೆ ವಿಶೇಷಣ, ಆಮೇಲೆ ನಾಮಪದ, ಕೊನೆಗೆ ಉದ್ಗಾರ ಚಿಹ್ನೆ. ಪರೀಕ್ಷೆಯಲ್ಲಿ ಪೂರ್ಣ ಅಂಕ ಕೊಡುತ್ತಿದ್ದೆ.

ರಮ್ಯಾ ಪಿಯು

ಸರ್ ನಿಮ್ಮನ್ನೇ ಕೇಳ್ಬೇಕಿತ್ತು! ನನಗೂ ಇದೇ ಡೌಟ್ ಇದೆ. "ಇಟ್ ಈಸ್ ಎ ವೆರಿ ಬ್ಯೂಟಿಫುಲ್ ಫ್ಲವರ್" ಅನ್ನೋದನ್ನ ಎಕ್ಸ್‌ಕ್ಲಮೇಟರಿಗೆ ಬದಲಾಯಿಸಿ ಅಂತ ಟೆಸ್ಟಲ್ಲಿ ಕೊಟ್ಟಿದ್ರು. ನಾನು "ಹೌ ಬ್ಯೂಟಿಫುಲ್ ಫ್ಲವರ್ ಇಟ್ ಈಸ್!" ಅಂತ ಬರೆದೆ. ಅರ್ಧ ಅಂಕ ಕಟ್. ವಾಟ್ ಬರಬೇಕೋ ಹೌ ಬರಬೇಕೋ ಹೇಗೆ ಗೊತ್ತಾಗತ್ತೆ? ವೀಣಾ ಅಕ್ಕಾ ಮಧ್ಯ ಬಂದಿದ್ದಕ್ಕೆ ಸಾರಿ.

ಸುಧಾ, ಲೀಡ್ಸ್

ವೀಣಾ ಅವರೇ, ಇಲ್ಲಿ ಇಂಗ್ಲೆಂಡಿಗೆ ವಲಸೆ ಬಂದ ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ನಿಮ್ಮ ಮೇಲ್ ನನ್ನ ತರಗತಿಗೆ ತಂದು ಪಾಠ ಮಾಡುವ ಹಾಗಿದೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೇಷ್ಟ್ರು ಹೇಳಿದ ಅಚ್ಚು ಸರಿ. ಆಜ್ಞೆಗೂ ಸಲಹೆಗೂ ಅದೇ ಅಚ್ಚು ಅನ್ನುವುದೂ ಸರಿ. ಆದರೆ ಪ್ಲೀಸ್ ಇದ್ದರೆ ವಿನಂತಿ, ಇಲ್ಲದಿದ್ದರೆ ಆಜ್ಞೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಯಾರ ಮನೆಗಾದರೂ ಹೋದರೆ "ಕಮ್ ಇನ್, ಹ್ಯಾವ್ ಎ ಸೀಟ್, ಹ್ಯಾವ್ ಅನದರ್ ಬಿಸ್ಕೆಟ್" ಅನ್ನುತ್ತಾರೆ. ಒಂದು ಪ್ಲೀಸೂ ಇಲ್ಲ. ಅದು ಆಜ್ಞೆ ಅಂತ ಯಾರಿಗೂ ಅನಿಸುವುದಿಲ್ಲ, ಬದಲಿಗೆ ತುಂಬಾ ಆತ್ಮೀಯವಾಗಿ ಕೇಳಿಸುತ್ತದೆ. ಅದೇ ಮನೆಯಲ್ಲಿ ನೀವು "ಪ್ಲೀಸ್ ಬ್ರಿಂಗ್ ಮಿ ಎ ಗ್ಲಾಸ್ ಆಫ್ ವಾಟರ್" ಅಂದರೆ, ಪ್ಲೀಸ್ ಇದ್ದರೂ ಹೋಟೆಲ್ ಮಾಣಿಗೆ ಹೇಳಿದ ಹಾಗಿರುತ್ತದೆ.

ವ್ಯತ್ಯಾಸ ಎಲ್ಲಿದೆ ಅಂದರೆ, ಹೇಳಿದ ಕೆಲಸ ಮಾಡಿದರೆ ಲಾಭ ಯಾರಿಗೆ ಅನ್ನುವುದರಲ್ಲಿ. ಬಿಸ್ಕೆಟ್ ತಿಂದರೆ ಲಾಭ ನಿಮಗೆ, ಕೇಳಿಸಿಕೊಂಡವರಿಗೆ. ಹಾಗಾಗಿ ಬರೀ ಕ್ರಿಯಾಪದ ಸಾಕು. ಮೃದು ಮಾಡಲು ಹೋದರೇ ಕೆಡುತ್ತದೆ. "ಕುಡ್ ಯು ಪಾಸಿಬ್ಲಿ ಹ್ಯಾವ್ ಅನದರ್ ಬಿಸ್ಕೆಟ್?" ಅಂತ ಯಾರಾದರೂ ಕೇಳಿದರೆ, ಇವರಿಗೆ ಬಿಸ್ಕೆಟ್ ಖಾಲಿ ಮಾಡಬೇಕಾಗಿದೆಯಾ ಅಂತ ಅನುಮಾನ ಬರುತ್ತದೆ. ನೀರು ತಂದರೆ ಲಾಭ ಹೇಳಿದವರಿಗೆ, ಶ್ರಮ ಕೇಳಿದವರಿಗೆ. ಅಲ್ಲಿ ಬರೀ ಕ್ರಿಯಾಪದ ಬಂದರೆ ಅಪ್ಪಣೆ ಆಗುತ್ತದೆ. ಹಾಗಾಗಿ ಇಂಗ್ಲಿಷಿನವರು ಅಲ್ಲಿ ಕ್ರಿಯಾಪದದಿಂದ ಶುರು ಮಾಡುವುದನ್ನೇ ಬಿಟ್ಟು ಪ್ರಶ್ನೆಗೆ ಹೋಗುತ್ತಾರೆ: "ಕುಡ್ ಐ ಹ್ಯಾವ್ ಸಮ್ ವಾಟರ್?" ಜೆಫ್ರಿ ಲೀಚ್ ಅನ್ನುವ ಭಾಷಾ ವಿದ್ವಾಂಸರು 1983ರಲ್ಲಿ ಈ ಲಾಭ ನಷ್ಟದ ಲೆಕ್ಕವನ್ನು ಒಂದು ಏಣಿಯ ಹಾಗೆ ಜೋಡಿಸಿ ತೋರಿಸಿದ್ದರು. ಒಂದು ತುದಿಯಲ್ಲಿ ಆಲೂಗೆಡ್ಡೆ ಸಿಪ್ಪೆ ಸುಲಿ ಅನ್ನುವ ಮಾತು, ಇನ್ನೊಂದು ತುದಿಯಲ್ಲಿ ಇನ್ನೊಂದು ಸ್ಯಾಂಡ್‌ವಿಚ್ ತಗೋ ಅನ್ನುವ ಮಾತು. ವಾಕ್ಯರಚನೆ ಎರಡರಲ್ಲೂ ಅದೇ, ವಿನಯ ಮಾತ್ರ ಬೇರೆ ಬೇರೆ.

ಈಗ ನಿಮ್ಮ ಮೇಲ್ ನೋಡಿ. ಡ್ರಾಯಿಂಗ್ ಬಂದರೆ ಲಾಭ ನಿಮಗೆ. ಶ್ರಮ ಅವರಿಗೆ. ಅದಕ್ಕೇ "ಪ್ಲೀಸ್ ಸೆಂಡ್" ಸಾಕಾಗಲಿಲ್ಲ. ಮೇಲಧಿಕಾರಿಯೂ ತನ್ನ ಕೈಕೆಳಗಿನವರಿಗೆ "ಪ್ಲೀಸ್ ಸೆಂಡ್" ಅಂತಲೇ ಬರೆಯುತ್ತಾರೆ. ಪ್ಲೀಸ್ ಸೇರಿಸಿದರೆ ಅದು ಸಭ್ಯ ಅಪ್ಪಣೆ ಆಗುತ್ತದೆ, ಆದರೆ ಇಲ್ಲ ಅನ್ನಲು ಜಾಗ ಇರುವುದಿಲ್ಲ. ಪ್ರಶ್ನೆ ಕೇಳಿದಾಗ ಆ ಜಾಗ ಸಿಗುತ್ತದೆ. "ಕುಡ್ ಯು ಸೆಂಡ್" ಅಂದಾಗ ಅವರು ಖಂಡಿತ ಕಳಿಸುತ್ತಾರೆ ಅಂತ ಇಬ್ಬರಿಗೂ ಗೊತ್ತು, ಆದರೂ ಆ ಜಾಗ ಬಿಟ್ಟಿರುವುದೇ ಮರ್ಯಾದೆ.

ಉಳಿದ ಸಾಲುಗಳ ಬಗ್ಗೆ ಕೆಲಸ ಮುಗಿಸಿ ಬಂದು ಬರೆಯುತ್ತೇನೆ.

ಗುರುಪ್ರಸಾದ್ ಟಿ.

ಸುಮ್ನೆ ಒಂದು ಮಾತು. ಚೆನ್ನೈಗೂ ಪುಣೆಗೂ ನಾವು ಇದೇ ಇಂಗ್ಲಿಷಿನಲ್ಲಿ ಮೇಲ್ ಬರೆಯುತ್ತೇವೆ. "ಟುಡೇ ಇಟ್‌ಸೆಲ್ಫ್" ಅಂತಾನೂ ಬರೆಯುತ್ತೇವೆ. ಯಾರಿಗೂ ಖಾರ ಆಗಿಲ್ಲ. ನಮ್ಮ ದೇಶದಲ್ಲಿ ಇಂಗ್ಲಿಷ್ ಬೇರು ಬಿಟ್ಟು ಎಷ್ಟೋ ಕಾಲ ಆಯಿತು, ನಮಗೂ ನಮ್ಮದೇ ರೀತಿ ಇದೆ. ಗ್ರಾಹಕ ಇಂಗ್ಲೆಂಡಿನವನು ಅಂತ ಪ್ರತಿ ಸಲ ನಾವೇ ಯಾಕೆ ಬದಲಾಗಬೇಕು? ನಮ್ಮ ಹುಡುಗನ ಮನಸ್ಸು ಒಳ್ಳೆಯದು ಅಂತ ಅವರೂ ಸ್ವಲ್ಪ ಅರ್ಥ ಮಾಡಿಕೊಳ್ಳಬಹುದಲ್ವಾ?

ವೀಣಾ, ಹುಬ್ಬಳ್ಳಿ

ಗುರುಪ್ರಸಾದ್ ಅವರೇ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಆದರೆ ಆ ಗ್ರಾಹಕರು ಸಿಟ್ಟು ಮಾಡಲಿಲ್ಲ. ಫೋನ್ ಮಾಡಿ ವಿಚಾರಿಸಿದರು. ಎಲ್ಲರೂ ಹಾಗೆ ಕೇಳುವುದಿಲ್ಲ. ಕೆಲವರು ಸುಮ್ಮನೆ ಆರ್ಡರ್ ಕೊಡುವುದನ್ನು ನಿಲ್ಲಿಸುತ್ತಾರೆ. ನನಗೆ ಆ ಭಯ.

ಸುಧಾ ಮೇಡಂ, ಲಾಭ ಯಾರಿಗೆ ಅನ್ನುವ ಮಾತು ತಕ್ಷಣ ಅರ್ಥವಾಯಿತು. ಆದರೆ ರಂಧ್ರದ ಅಳತೆ ನೋಡಿ ಅಂದದ್ದು ಅವರ ಒಳ್ಳೆಯದಕ್ಕೇ. ಎರಡನೇ ಹಾಳೆಯಲ್ಲಿ 12 ಮಿ.ಮೀ. ಇದೆ, ಮೂರನೆಯದರಲ್ಲಿ 10 ಇದೆ. ನೋಡದಿದ್ದರೆ ನಷ್ಟ ಅವರಿಗೇ. ನಿಮ್ಮ ಲೆಕ್ಕದ ಪ್ರಕಾರ ಅದು ಮೃದುವಾಗಿ ಕೇಳಿಸಬೇಕಿತ್ತು, ಯಾಕೆ ಕೇಳಿಸಲಿಲ್ಲ?

ಸುಧಾ, ಲೀಡ್ಸ್

ಒಳ್ಳೆಯ ಪ್ರಶ್ನೆ. ಎರಡು ಕಾರಣ ಇದೆ.

ಒಂದು, ಆ "ಯು". ಕನ್ನಡದಲ್ಲಿ ಗೌರವ ಕ್ರಿಯಾಪದದ ಕೊನೆಯಲ್ಲಿ ಕೂತಿರುತ್ತದೆ. ಬಾ, ಬನ್ನಿ. ನೋಡು, ನೋಡಿ. "ನೀವು ಒಂದ್ಸಲ ನೋಡಿ" ಅಂದರೆ ನಮಗೆ ತುಂಬಾ ಮರ್ಯಾದೆಯ ಮಾತು. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಸೌಕರ್ಯ ಇಲ್ಲ. ರಾಜನಿಗೂ "ಲುಕ್", ನಾಯಿಗೂ "ಲುಕ್". ನಿಮ್ಮ ಹುಡುಗ ನೀವು ಅನ್ನುವ ಗೌರವವನ್ನು ಮನಸ್ಸಿನಲ್ಲಿಟ್ಟುಕೊಂಡು "ಯು ಚೆಕ್" ಅಂತ ಬರೆದಿದ್ದಾನೆ. ಓದುವವರಿಗೆ ಮಾತ್ರ ಬೆರಳು ತೋರಿಸಿದ ಹಾಗಾಯಿತು. "ಯು ಸ್ಟೇ ಔಟ್ ಆಫ್ ದಿಸ್" ಅಂತ ಜಗಳದಲ್ಲಿ ಬರುವ "ಯು" ಇದು.

ಹಾಗಂತ "ಯು" ಹಾಕಿದ್ದೇ ತಪ್ಪು ಅಂತ ಮೇಷ್ಟ್ರು ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ದಣಿದು ಬಂದ ಗೆಳತಿಗೆ "ಯು ಸಿಟ್ ಡೌನ್, ಐ'ಲ್ ಮೇಕ್ ದ ಟೀ" ಅಂದರೆ ಅದರಷ್ಟು ಹಿತವಾದ ಮಾತಿಲ್ಲ. ವ್ಯಾಕರಣ ಎರಡು ಕಡೆಯೂ ಸರಿ. ಕೂತರೆ ಲಾಭ ಅವಳಿಗೆ, ಕೆಲಸ ನನಗೆ. ಹಾಗಾಗಿ ಅಲ್ಲಿ "ಯು" ಪ್ರೀತಿಯಾಗುತ್ತದೆ. ಜಗಳದಲ್ಲಿ ಅದೇ "ಯು" ಗದರಿಕೆ.

ಎರಡನೆಯದು, ಸಲಹೆ ಕೊಡುವುದೆಂದರೆ ನನಗೆ ನಿಮಗಿಂತ ಹೆಚ್ಚು ಗೊತ್ತು ಅಂತ ಹೇಳಿದ ಹಾಗೂ ಆಗುತ್ತದೆ. ದಾರಿ ಕೇಳಿದವರಿಗೆ "ಟರ್ನ್ ಲೆಫ್ಟ್ ಅಟ್ ದ ಬ್ಯಾಂಕ್" ಅನ್ನಬಹುದು, ಯಾಕೆಂದರೆ ಅವರೇ ಕೇಳಿದ್ದಾರೆ. ಅಡುಗೆ ಪುಸ್ತಕದಲ್ಲಿ "ಆ್ಯಡ್ ದ ಸಾಲ್ಟ್" ಅಂದರೂ ಬೇಸರವಿಲ್ಲ, ಓದುಗ ಅದಕ್ಕಾಗಿಯೇ ಪುಸ್ತಕ ತೆರೆದಿದ್ದಾನೆ. ಲಂಡನ್ ಭೂಗತ ರೈಲಿನಲ್ಲಿ 1968ರಿಂದ ಕೇಳುತ್ತಿರುವ "ಮೈಂಡ್ ದ ಗ್ಯಾಪ್" ಕೂಡ ಅಷ್ಟೇ. ಪ್ಲೀಸ್ ಇಲ್ಲ, ಆದರೂ ಕಾಳಜಿ, ಯಾಕೆಂದರೆ ಬಿದ್ದರೆ ಪೆಟ್ಟು ನಿಮಗೆ. ಆದರೆ ನಿಮ್ಮ ಗ್ರಾಹಕರು ಸಲಹೆ ಕೇಳಿರಲಿಲ್ಲ. ಕೇಳದೆ ಕೊಡುವ ಸಲಹೆಗೆ ಬರೀ ಕ್ರಿಯಾಪದ ಹಾಕಿದರೆ, ನೀನು ಸರಿಯಾಗಿ ನೋಡಿಲ್ಲ ಅನ್ನುವ ದೂರು ಅದರೊಳಗೆ ಸೇರಿಕೊಳ್ಳುತ್ತದೆ. ಜೊತೆಗೆ "ಒನ್ಸ್". ನಮಗೆ "ಒಂದ್ಸಲ" ಮಾತನ್ನು ಹಗುರ ಮಾಡುತ್ತದೆ. ಅವರಿಗೆ ಅದು ಎಣಿಕೆ ಅಷ್ಟೆ, ಎರಡು ಸಲ ಬೇಡ ಒಂದೇ ಸಲ ನೋಡು ಅಂದ ಹಾಗೆ.

ಅಂಥ ಕಡೆ ಇಲ್ಲಿನ ಜನ ಏನು ಮಾಡುತ್ತಾರೆ ಅಂದರೆ, ಸಲಹೆಯಿಂದ ಎದುರಿನವರನ್ನೇ ತೆಗೆದುಬಿಡುತ್ತಾರೆ. "ಇಟ್ ಮೇ ಬಿ ವರ್ತ್ ಚೆಕಿಂಗ್ ದ ಹೋಲ್ ಸೈಜ್." ಇಲ್ಲಿ ನೀನು ಇಲ್ಲ, ನಾನೂ ಇಲ್ಲ, ರಂಧ್ರ ಮಾತ್ರ ಇದೆ. ಆಮೇಲೆ ಕಾರಣ ಕೊಡಿ: ಎರಡನೇ ಹಾಳೆಯಲ್ಲಿ 12, ಮೂರನೆಯದರಲ್ಲಿ 10. ಕಾರಣ ಕೊಟ್ಟರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಓದಿದವರೇ ಅಯ್ಯೋ ಹೌದಲ್ಲ ಅಂದುಕೊಳ್ಳುತ್ತಾರೆ.

ನಾಗರಾಜ್, ನ್ಯೂಜೆರ್ಸಿ

"ಯು ಹ್ಯಾಡ್ ಬೆಟರ್" ಬಗ್ಗೆ ಯಾರೂ ಹೇಳಲೇ ಇಲ್ಲ. ಆ ಮೇಲ್‌ನಲ್ಲಿ ನಿಜವಾದ ಬಾಂಬ್ ಅದು. ನಮ್ಮ ಶಾಲೆಯಲ್ಲಿ "ಶುಡ್" ಮತ್ತು "ಹ್ಯಾಡ್ ಬೆಟರ್" ಎರಡೂ ಸಲಹೆ ಅಂತ ಒಂದೇ ಸಾಲಿನಲ್ಲಿ ಕಲಿಸಿದ್ದರು. ಬೆಟರ್ ಅಂದರೆ ಹೆಚ್ಚು ಒಳ್ಳೆಯದು, ಹಾಗಾಗಿ ಇದು ಹೆಚ್ಚು ಮೃದು ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಅದನ್ನು ಕೇಳಿದರೆ ಬೆನ್ನು ನೆಟ್ಟಗಾಗುತ್ತದೆ. "ಯು'ಡ್ ಬೆಟರ್ ಪೇ ಬೈ ಫ್ರೈಡೇ" ಅಂದರೆ, ಕಟ್ಟದಿದ್ದರೆ ಏನೋ ಕಾದಿದೆ ಅಂತಲೇ ಅರ್ಥ. ಆ ಏನೋ ಅನ್ನುವುದನ್ನು ಹೇಳದೆ ಬಿಟ್ಟಿರುವುದರಿಂದ ಇನ್ನೂ ಹೆದರಿಕೆ.

ಸಲಹೆಗೆ ಇಲ್ಲಿಯವರು "ಯು ಮೈಟ್ ವಾಂಟ್ ಟು ಟೆಲ್ ಯುವರ್ ಸಪ್ಲೈಯರ್" ಅನ್ನುತ್ತಾರೆ. ಕೇಳಲು ತುಂಬಾ ಹಗುರ. ಆದರೆ ನನ್ನ ಬಾಸ್ "ಯು ಮೈಟ್ ವಾಂಟ್ ಟು ಲುಕ್ ಅಟ್ ದಟ್" ಅಂದರೆ ಅದನ್ನು ಅವತ್ತೇ ಮಾಡಿ ಮುಗಿಸಬೇಕು. ಮಾತು ಸಲಹೆ, ಕೆಲಸ ಆಜ್ಞೆ.

ಇನ್ನೊಂದು. ಇಂಗ್ಲೆಂಡಿನವರಷ್ಟು ಇಲ್ಲಿ ಪ್ಲೀಸ್ ಹಾಕುವುದಿಲ್ಲ. ಸಣ್ಣ ವಿಷಯಕ್ಕೆ ಪ್ಲೀಸ್ ಹಾಕಿದರೆ ತಾಳ್ಮೆ ಮುಗಿದಿದೆ ಅನ್ನುವ ಹಾಗೆ ಕೇಳಿಸುತ್ತದೆ, ಕನಿಷ್ಠ ನನ್ನ ಆಫೀಸಿನಲ್ಲಿ. ಹಾಗಾಗಿ ಎಲ್ಲದಕ್ಕೂ ಪ್ಲೀಸ್ ಹಾಕಿ ಅನ್ನುವ ಸಲಹೆ ಎಲ್ಲ ದೇಶಕ್ಕೂ ನಡೆಯಲ್ಲ.

ಸುಧಾ, ಲೀಡ್ಸ್

ನಾಗರಾಜ್ ಅವರ ಮಾತಿಗೆ ಒಂದು ತಿದ್ದುಪಡಿ. "ಹ್ಯಾಡ್ ಬೆಟರ್" ಯಾವಾಗಲೂ ಬೆದರಿಕೆ ಅಲ್ಲ. "ಐ'ಡ್ ಬೆಟರ್ ಗೋ, ಇಟ್ಸ್ ಲೇಟ್" ಅಂತ ದಿನಾ ಹೇಳುತ್ತೇವೆ. ಮಳೆ ಬರುವ ಹಾಗಿದ್ದಾಗ ಅಮ್ಮ ಮಗನಿಗೆ "ಯು'ಡ್ ಬೆಟರ್ ಟೇಕ್ ಎ ಕೋಟ್" ಅಂದರೆ ಅದು ಕಾಳಜಿ. ಮಾಡದಿದ್ದರೆ ತೊಂದರೆ ಆಗುತ್ತದೆ ಅನ್ನುವುದು ಮಾತ್ರ ಅದರಲ್ಲಿ ಯಾವಾಗಲೂ ಇರುತ್ತದೆ. ಆ ತೊಂದರೆ ಮಳೆಯಿಂದ ಬಂದರೆ ಎಚ್ಚರಿಕೆ, ಹೇಳಿದವರಿಂದ ಬಂದರೆ ಬೆದರಿಕೆ. ವ್ಯವಹಾರದ ಮೇಲ್‌ನಲ್ಲಿ ತೊಂದರೆ ಎಲ್ಲಿಂದ ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಗ್ರಾಹಕರಿಗೂ ಮೇಲಧಿಕಾರಿಗೂ ಅದನ್ನು ಬರೆಯಲೇಬೇಡಿ.

ತಮಾಷೆ ಅಂದರೆ ಇದರ ಉಲ್ಟಾ "ಮಸ್ಟ್". ಪುಸ್ತಕದಲ್ಲಿ ಅದು ಕಡ್ಡಾಯ. ಆದರೆ "ಯು ಮಸ್ಟ್ ಕಮ್ ಅಂಡ್ ಸ್ಟೇ ವಿತ್ ಅಸ್" ಅಂದರೆ ಆತ್ಮೀಯ ಆಹ್ವಾನ, "ಯು ಮಸ್ಟ್ ಟ್ರೈ ದಿಸ್ ಕೇಕ್" ಅಂದರೆ ಒತ್ತಾಯದ ಉಪಚಾರ. ಮತ್ತೆ ಅದೇ ಲೆಕ್ಕ, ಕೇಕ್ ಯಾರ ಬಾಯಿಗೆ ಹೋಗುತ್ತದೆ ಅನ್ನುವುದು. ಕೇಳಿಸಿಕೊಂಡವರ ಬಾಯಿಗೆ ಹೋದರೆ ಎಷ್ಟು ಗಟ್ಟಿ ಪದವೂ ಸಿಹಿಯಾಗುತ್ತದೆ.

ಶಿವಲಿಂಗಪ್ಪ ಮೇಷ್ಟ್ರು

ಸುಧಾ ಅವರೇ, ಲಾಭದ ಮಾತು ಚೆನ್ನಾಗಿದೆ, ಆದರೆ ಹತ್ತನೇ ತರಗತಿಯ ನಲವತ್ತು ಮಕ್ಕಳಿಗೆ ಮೊದಲು ಅಚ್ಚು ಕಲಿಸಬೇಕು, ಲೆಕ್ಕ ಆಮೇಲೆ. ನಾನು ಪ್ಲೀಸ್ ಬಿಡುವವನಲ್ಲ.

ನಿಮ್ಮ ಮಾತಿಗೆ ಪೂರಕವಾಗಿ ಒಂದು ಸೇರಿಸುತ್ತೇನೆ. ಅಚ್ಚು ಅದೇ ಇದ್ದು ಅರ್ಥ ಪೂರ್ತಿ ತಿರುಗುವ ಜಾಗ ಒಂದಿದೆ. "ವರ್ಕ್ ಹಾರ್ಡ್ ಅಂಡ್ ಯು'ಲ್ ಪಾಸ್." ಓದು ಅಂತ ಹೇಳಿದ ಹಾಗೆಯೇ ಇದೆ. "ಟಚ್ ದಟ್ ವೈರ್ ಅಂಡ್ ಯು'ಲ್ ಗೆಟ್ ಎ ಶಾಕ್." ಇದೂ ಅದೇ ಅಚ್ಚು, ಮುಟ್ಟು ಅಂತ ಶುರುವಾಗುತ್ತದೆ, ಆದರೆ ಹೇಳುತ್ತಿರುವುದು ಮುಟ್ಟಬೇಡ ಅಂತ. ಇಲ್ಲಿ ಮೊದಲ ಭಾಗ ಆಜ್ಞೆಯೇ ಅಲ್ಲ, "ಮುಟ್ಟಿದರೆ" ಅನ್ನುವ ಷರತ್ತು. "ಅಂಡ್" ಬಂದಾಗ ಅದರ ನಂತರ ಹೇಳಿದ ಫಲ ಒಳ್ಳೆಯದೋ ಕೆಟ್ಟದ್ದೋ ನೋಡಬೇಕು. "ಆರ್" ಬಂದರೆ ಈ ಗೊಂದಲ ಇಲ್ಲ. "ಹರಿ ಅಪ್ ಆರ್ ಯು'ಲ್ ಮಿಸ್ ದ ಬಸ್", ಇದು ನಿಜವಾಗಿಯೂ ಬೇಗ ಬಾ ಅಂತಲೇ. ಮಕ್ಕಳು ಅನುವಾದ ಮಾಡುವಾಗ ಈ "ಅಂಡ್" ಹತ್ತಿರ ಎಡವುತ್ತಾರೆ.

ರಮ್ಯಾ ಮಗಳೇ, ನಿನ್ನ ಪ್ರಶ್ನೆಗೆ ಉತ್ತರ. ಕೊನೆಗೆ ಬರುವ "ಇಟ್ ಈಸ್" ಮುಚ್ಚಿ ನೋಡು. ಉಳಿದದ್ದರಲ್ಲಿ ನಾಮಪದ ಇದ್ದರೆ "ವಾಟ್". ವಿಶೇಷಣ ಅಥವಾ ಕ್ರಿಯಾವಿಶೇಷಣ ಮಾತ್ರ ಇದ್ದರೆ "ಹೌ". "ಬ್ಯೂಟಿಫುಲ್ ಫ್ಲವರ್" ಅನ್ನುವುದರಲ್ಲಿ ಹೂವು ಇದೆ, ಹಾಗಾಗಿ "ವಾಟ್ ಎ ಬ್ಯೂಟಿಫುಲ್ ಫ್ಲವರ್ ಇಟ್ ಈಸ್!" ಹೂವು ಮುಚ್ಚಿದ ಭಾಗಕ್ಕೆ ಹೋದರೆ "ಹೌ ಬ್ಯೂಟಿಫುಲ್ ದ ಫ್ಲವರ್ ಈಸ್!" ಎರಡೂ ಸರಿ. ಎರಡನ್ನೂ ಬೆರೆಸಬೇಡ.

ರಮ್ಯಾ ಪಿಯು

ಥ್ಯಾಂಕ್ಯೂ ಸರ್! ಹಾಗಾದ್ರೆ "ವಾಟ್ ಎ ಲವ್ಲಿ ವೆದರ್!" ಸರೀನಾ? ಇನ್ನೊಂದು, "ಹೌ ಟಾಲ್ ಈಸ್ ಹಿ!" ಅಂತ ಬರೆದ್ರೆ ಉದ್ಗಾರ ಚಿಹ್ನೆ ಇದೆಯಲ್ಲ, ಸಾಕಾಗಲ್ವಾ?

ಸುಧಾ, ಲೀಡ್ಸ್

ರಮ್ಯಾ, ವೆದರ್ ಎಣಿಸಲು ಆಗದ ಪದ. ಅದಕ್ಕೆ "ಎ" ಬೇಡ. "ವಾಟ್ ಲವ್ಲಿ ವೆದರ್!" ಹೂವುಗಳು ಬಹುವಚನ ಆದಾಗಲೂ ಬೇಡ: "ವಾಟ್ ಲವ್ಲಿ ಫ್ಲವರ್ಸ್!" ಆದರೆ "ವಾಟ್ ಎ ಪಿಟಿ", "ವಾಟ್ ಎ ಶೇಮ್" ಇವು "ಎ" ಜೊತೆಗೇ ಬರುತ್ತವೆ. ಅವನ್ನು ಹಾಗೇ ನೆನಪಿಟ್ಟುಕೋ.

ಎರಡನೇ ಪ್ರಶ್ನೆ ಚೆನ್ನಾಗಿದೆ. ಚಿಹ್ನೆ ಹಾಕಿದರೆ ಸಾಕಾಗಲ್ಲ. ಇಂಗ್ಲಿಷಿನಲ್ಲಿ ಈ ಜಾಗದಲ್ಲಿ ಪದಗಳ ಕ್ರಮವೇ ಕೆಲಸ ಮಾಡುವುದು. "ಹೌ ಟಾಲ್ ಈಸ್ ಹಿ" ಅಂದರೆ ಅವನ ಎತ್ತರ ಎಷ್ಟು ಅಂತ ಕೇಳುವುದು, ಉತ್ತರ ಬೇಕು. "ಹೌ ಟಾಲ್ ಹಿ ಈಸ್" ಅಂದರೆ ಎಷ್ಟು ಎತ್ತರ ಇದ್ದಾನಪ್ಪ ಅಂತ, ಉತ್ತರ ಬೇಡ. ಕರ್ತೃ ಕ್ರಿಯಾಪದಕ್ಕಿಂತ ಮೊದಲು ಬಂದಿದೆಯಾ ನೋಡು, ಅಷ್ಟೇ ಸಾಕು. ಪ್ರಶ್ನೆಯ ಕ್ರಮ ಇದ್ದೂ ಉದ್ಗಾರ ಆಗುವ ಮಾತುಗಳೂ ಇವೆ, "ಇಸಂಟ್ ಇಟ್ ಲವ್ಲಿ!" ಹಾಗೆ. ಅಲ್ಲಿ ದನಿ ಕೊನೆಗೆ ಇಳಿಯುತ್ತದೆ, ಚೆನ್ನಾಗಿದೆಯೋ ಇಲ್ಲವೋ ಅಂತ ಕೇಳುತ್ತಿಲ್ಲ. ಆದರೆ ನಿನ್ನ ಪರೀಕ್ಷೆಗೆ ಅದು ಬೇಡ.

ಇದೇ ಕಾರಣಕ್ಕೆ "ಸ್ಟಾಪ್!" ಅನ್ನುವುದು ಉದ್ಗಾರ ವಾಕ್ಯ ಅಲ್ಲ. ಚಿಹ್ನೆ ಇದೆ, ಕೂಗು ಇದೆ, ಆದರೆ ಅದು ಆಜ್ಞೆ. ನಿಂತುಕೊಳ್ಳಬೇಕು. ಉದ್ಗಾರ ಕೇಳಿಸಿಕೊಂಡವರು ಏನೂ ಮಾಡಬೇಕಾಗಿಲ್ಲ.

ಅನುಪಮಾ ವಾಯ್ಸ್ ಟ್ರೈನರ್

ಬೆಂಗಳೂರಿನಲ್ಲಿ ಕಾಲ್ ಸೆಂಟರಿನವರಿಗೆ ಮಾತಿನ ತರಬೇತಿ ಕೊಡುತ್ತೇನೆ. ಇಲ್ಲಿಯವರೆಗೆ ಬರವಣಿಗೆಯ ಮಾತಾಯಿತು. ದನಿ ಸೇರಿದರೆ ಇನ್ನೂ ಬೇರೆ.

"ಸಿಟ್ ಡೌನ್" ತಗೊಳ್ಳಿ. ಎರಡೂ ಪದ ಒಂದೇ ಬಿಗಿಯಲ್ಲಿ, ಕೊನೆಗೆ ದನಿ ಥಟ್ಟನೆ ಕೆಳಗೆ ಬಿದ್ದರೆ ಪೊಲೀಸ್ ಠಾಣೆ. "ಡೌನ್" ಅನ್ನುವಲ್ಲಿ ಸ್ವಲ್ಪ ಎಳೆದು, ದನಿ ಇಳಿದು ಮತ್ತೆ ಮೇಲೆ ಹೋದರೆ ಆಹ್ವಾನ. "ಡು ಸಿಟ್ ಡೌನ್" ಅಂದರೆ ಇನ್ನೂ ಉಪಚಾರ, ಆದರೆ "ಡು ಬಿ ಕ್ವಾಯಟ್" ಅಂದರೆ ತಾಳ್ಮೆ ಕೆಟ್ಟಿದೆ ಅಂತ. ಒಂದೇ "ಡು".

ಪುಸ್ತಕದಲ್ಲಿ "ಓಪನ್ ದ ವಿಂಡೋ, ವಿಲ್ ಯು?" ವಿನಯ ಅಂತ ಬರೆದಿರುತ್ತದೆ. ದನಿ ಏರಿದರೆ ಮಾತ್ರ. ಇಳಿದರೆ ಅದು ಗದರಿಕೆ. ನಮ್ಮ ಹುಡುಗರು ಇಂಗ್ಲಿಷ್ ವಾಕ್ಯವನ್ನು ಹೆಚ್ಚಾಗಿ ಇಳಿದನಿಯಲ್ಲೇ ಮುಗಿಸುತ್ತಾರೆ. ಹಾಗಾಗಿ ನಾನು ಈ ಬಾಲ ಹಾಕುವುದನ್ನೇ ಬಿಡಿಸುತ್ತೇನೆ, "ಕುಡ್ ಯು" ಮೇಲೆ ಅಭ್ಯಾಸ ಮಾಡಿಸುತ್ತೇನೆ. ಅದು ಇಳಿದನಿಯಲ್ಲಿ ಬಂದರೂ ಅಷ್ಟು ನೋಯಿಸುವುದಿಲ್ಲ.

ವೀಣಾ ಅವರ ಮೇಲ್‌ನಲ್ಲಿ ನನ್ನ ಕಣ್ಣು ಹೋದದ್ದು "ವಾಟ್ ಎ ಕ್ವಿಕ್ ರಿಪ್ಲೈ!" ಮೇಲೆ. ಆ ಗ್ರಾಹಕರು ಎಷ್ಟು ದಿನಕ್ಕೆ ಉತ್ತರ ಕೊಟ್ಟಿದ್ದರು?

ವೀಣಾ, ಹುಬ್ಬಳ್ಳಿ

ಮೂರನೇ ದಿನ. ಬೇರೆ ಗ್ರಾಹಕರು ವಾರ ತೆಗೆದುಕೊಳ್ಳುತ್ತಾರೆ, ಅದಕ್ಕೇ ಹುಡುಗನಿಗೆ ನಿಜವಾಗಿ ಖುಷಿಯಾಗಿತ್ತು.

ಅನುಪಮಾ ವಾಯ್ಸ್ ಟ್ರೈನರ್

ಹಾಗಿದ್ದರೆ ಅಲ್ಲೇ ಆಯಿತು. "ವಾಟ್ ಎ" ಮಾತನ್ನು ಬಾಯಲ್ಲಿ ಹೇಳಿದರೆ ಮೆಚ್ಚುಗೆಯೋ ಚುಚ್ಚೋ ಅಂತ ದನಿ ಹೇಳುತ್ತದೆ. ಎತ್ತರದಿಂದ ಶುರುವಾಗಿ ಇಳಿದರೆ ಮೆಚ್ಚುಗೆ. ಶುರುವಿನಿಂದಲೇ ತಗ್ಗಿ, ಚಪ್ಪಟೆಯಾಗಿ, ನಿಧಾನ ಬಂದರೆ ಚುಚ್ಚು. ಮೇಲ್‌ನಲ್ಲಿ ದನಿ ಇಲ್ಲ. ಆಗ ಓದುವವರು ಏನು ಮಾಡುತ್ತಾರೆ? ವಿಷಯ ನೋಡುತ್ತಾರೆ. ಮೂರು ದಿನ ತಡ ಮಾಡಿದ್ದೇನೆ ಅಂತ ಅವರ ಮನಸ್ಸಿನಲ್ಲೇ ಅಳುಕಿದ್ದರೆ, ಬೇಗ ಉತ್ತರ ಕೊಟ್ಟಿರಿ ಅನ್ನುವ ಉದ್ಗಾರ ಚುಚ್ಚಾಗಿಯೇ ಕೇಳಿಸುತ್ತದೆ. ವಿಷಯ ಪಕ್ಕಾ ಒಳ್ಳೆಯದಾಗಿದ್ದರೆ, "ವಾಟ್ ಗ್ರೇಟ್ ನ್ಯೂಸ್!" ತರಹ, ಭಯ ಇಲ್ಲ. ಅನುಮಾನಕ್ಕೆ ಎಡೆ ಇದ್ದರೆ ಉದ್ಗಾರ ಬಿಟ್ಟು ಸಾದಾ ವಾಕ್ಯ ಬರೆಯಬೇಕು. "ಥ್ಯಾಂಕ್ಸ್ ಫಾರ್ ಗೆಟ್ಟಿಂಗ್ ಬ್ಯಾಕ್ ಟು ಅಸ್." ಇದರಲ್ಲಿ ಚುಚ್ಚು ಹುಡುಕಲು ಕಷ್ಟ.

ಕೊನೆಯ "ಕನ್ಫರ್ಮ್ ಬೈ ಈವ್ನಿಂಗ್!" ಬಗ್ಗೆಯೂ ಹೇಳಬೇಕು. ಉದ್ಗಾರ ಚಿಹ್ನೆ ಸ್ನೇಹ ತೋರಿಸುತ್ತದೆ ಅಂತ ಈಗಿನವರು ಎಲ್ಲ ಕಡೆ ಹಾಕುತ್ತಾರೆ. "ಥ್ಯಾಂಕ್ಸ್!", "ಹ್ಯಾವ್ ಎ ಗುಡ್ ವೀಕೆಂಡ್!" ಇಲ್ಲೆಲ್ಲ ಅದು ನಗು. ಆದರೆ ಎದುರಿನವರಿಗೆ ಶ್ರಮ ಕೊಡುವ ಕ್ರಿಯಾಪದದ ಹಿಂದೆ ಬಂದರೆ ಅದೇ ಚಿಹ್ನೆ ಕೂಗಾಗುತ್ತದೆ.

ಗುರುಪ್ರಸಾದ್ ಟಿ.

ಇದೆಲ್ಲ ಓದಿ ನನಗೆ ಸುಮಾರು ವಿಷಯ ಗೊತ್ತಾಯಿತು, ಅದರಲ್ಲಿ ಅನುಮಾನ ಇಲ್ಲ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. "ಕೈಂಡ್ಲಿ" ಮತ್ತು "ಡು ದ ನೀಡ್‌ಫುಲ್" ನಮ್ಮ ಸರ್ಕಾರಿ ಪತ್ರಗಳಲ್ಲಿ ಇವತ್ತಿಗೂ ಮರ್ಯಾದೆಯ ಮಾತುಗಳು. ಅವನ್ನು ಓದಿ ಬೆಳೆದವನಿಗೆ "ಕುಡ್ ಯು" ಅಂದರೆ ಮಾಡಬಲ್ಲೆಯಾ ಅಂತ ಅವನ ಸಾಮರ್ಥ್ಯ ಕೇಳಿದ ಹಾಗೆ. ನಾನು ಪುಣೆಯ ಕಚೇರಿಗೆ "ಕೈಂಡ್ಲಿ" ಬಿಟ್ಟು ಬರೆದರೆ ಅಲ್ಲಿ ಹಿರಿಯರೊಬ್ಬರು ಬೇಸರ ಮಾಡಿಕೊಳ್ಳುತ್ತಾರೆ. ಅವರಿಗೆ ಯಾರು ಪಾಠ ಮಾಡೋದು?

ಸುಧಾ, ಲೀಡ್ಸ್

ಪುಣೆಯ ಹಿರಿಯರಿಗೆ "ಕೈಂಡ್ಲಿ" ಎಂದೇ ಬರೆಯಿರಿ, ನಾನು ಬೇಡ ಅನ್ನುವುದಿಲ್ಲ. ಅವರ ಕಿವಿಗೆ ಅದೇ ಮರ್ಯಾದೆ. ಇಲ್ಲಿ ಮಾತ್ರ "ವಿಲ್ ಯು ಕೈಂಡ್ಲಿ" ಅಂತ ಕೇಳಿದರೆ ಸಿಟ್ಟನ್ನು ತಡೆದುಕೊಂಡು ಮಾತಾಡುತ್ತಿದ್ದಾರೆ ಅನಿಸಬಹುದು. ಯಾರ ಇಂಗ್ಲಿಷ್ ಸರಿ ಅನ್ನುವ ಜಗಳ ನನ್ನದಲ್ಲ. ಆದರೆ ನಮ್ಮ ಇಂಗ್ಲಿಷ್ ಇಲ್ಲಿ ಹೇಗೆ ಕೇಳಿಸುತ್ತದೆ ಅಂತ ಗೊತ್ತಿಲ್ಲದೆ ಬರೆಯುವ ಹುಡುಗನಿಗೆ ತೊಂದರೆ ಆಗುತ್ತದೆ, ಗೊತ್ತಿದ್ದು ಬರೆಯುವ ನಿಮಗೆ ಆಗುವುದಿಲ್ಲ.

ಗುರುಪ್ರಸಾದ್ ಟಿ.

ಅಷ್ಟರ ಮಟ್ಟಿಗೆ ಒಪ್ಪಿದೆ. ಅವರೂ ನಮ್ಮ ಇಂಗ್ಲಿಷ್ ಕಲಿಯಬೇಕು ಅನ್ನುವುದನ್ನು ಮಾತ್ರ ಬಿಡಲ್ಲ.

ವೀಣಾ, ಹುಬ್ಬಳ್ಳಿ

ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಸಾಲು ನೋಡಿದೆವು. ಪ್ರತಿ ಸಾಲಿಗೂ ಅವನಿಗೆ ಎರಡೇ ಪ್ರಶ್ನೆ ಕೇಳಿದೆ. ಈ ಕೆಲಸ ಆದರೆ ಯಾರಿಗೆ ಲಾಭ? ಅವರು ಇದನ್ನು ಕೇಳಿದ್ದರಾ? ಅವನೇ ಬರೆದದ್ದು ಹೀಗಿದೆ:

"ಡಿಯರ್ ಸರ್, ಥ್ಯಾಂಕ್ಸ್ ಫಾರ್ ಗೆಟ್ಟಿಂಗ್ ಬ್ಯಾಕ್ ಟು ಅಸ್. ಕುಡ್ ಯು ಸೆಂಡ್ ಅಸ್ ದ ರಿವೈಸ್ಡ್ ಡ್ರಾಯಿಂಗ್ ಟುಡೇ? ವಿ ಕಾಂಟ್ ಸ್ಟಾರ್ಟ್ ಡ್ರಿಲ್ಲಿಂಗ್ ವಿದೌಟ್ ಇಟ್. ಇಟ್ ಮೇ ಬಿ ವರ್ತ್ ಚೆಕಿಂಗ್ ದ ಹೋಲ್ ಸೈಜ್: ಶೀಟ್ 2 ಸೇಸ್ 12 ಎಂಎಂ, ಶೀಟ್ 3 ಸೇಸ್ 10. ಯುವರ್ ಸಪ್ಲೈಯರ್ ಮೇ ನೀಡ್ ಟು ನೋ ಆ್ಯಸ್ ವೆಲ್. ಪ್ಲೀಸ್ ಕಾಲ್ ಮಿ ಇಫ್ ಎನಿಥಿಂಗ್ ಈಸ್ ಅನ್‌ಕ್ಲಿಯರ್."

ಕೊನೆಯ ಸಾಲಿನಲ್ಲಿ ಪ್ರಶ್ನೆ ಬಿಟ್ಟು ಕ್ರಿಯಾಪದ ಯಾಕೆ ಇಟ್ಟೆ ಅಂತ ಕೇಳಿದೆ. ಫೋನ್ ಮಾಡಿದರೆ ಅನುಕೂಲ ಅವರಿಗೆ ತಾನೇ, ಅದಕ್ಕೆ ಇಟ್ಟೆ ಅಂದ. ಸುಧಾ ಮೇಡಂ, ಸರಿ ಇದೆಯಾ?

ಸುಧಾ, ಲೀಡ್ಸ್

ಸರಿ ಇದೆ. ಪ್ಲೀಸ್ ಬದಲು "ಡು ಕಾಲ್ ಮಿ" ಅಂದರೆ ಇನ್ನೂ ಚೆನ್ನ. ಹಾಗೇ ಬಿಟ್ಟರೂ ನಡೆಯುತ್ತದೆ.

ನಾಗರಾಜ್, ನ್ಯೂಜೆರ್ಸಿ

ಇಲ್ಲಿನ ಗ್ರಾಹಕರಿಗೆ "ಡು ಕಾಲ್ ಮಿ" ತೀರಾ ಹಳೇ ಕಾಲದ್ದಾಗಿ ಕೇಳಿಸುತ್ತದೆ. "ಫೀಲ್ ಫ್ರೀ ಟು ಕಾಲ್" ಅಂತ ಬರೆಯಲಿ. ಇಂಗ್ಲೆಂಡಿಗೆ ಹೇಗೋ ಸುಧಾ ಅವರೇ ಹೇಳಬೇಕು.

ಶಿವಲಿಂಗಪ್ಪ ಮೇಷ್ಟ್ರು

ಪ್ಲೀಸೇ ಇರಲಿ ಅಮ್ಮಾ.